ಹದಿನೇಳು ಕಂತು ಕಟ್ಟಿದ ಮೇಲೆ ಪಾಲಿಸಿಯ ಮೀಸಲು ಎಷ್ಟು?

ಪ್ರಶ್ನೆ: ನನಗೆ 52 ವರ್ಷ. 35ನೇ ವಯಸ್ಸಿನಲ್ಲಿ 5 ಲಕ್ಷ ರೂಪಾಯಿಯ, 20 ವರ್ಷ ಅವಧಿಯ, ಬೋನಸ್ ಇಲ್ಲದ ಎಂಡೋಮೆಂಟ್ ಪಾಲಿಸಿ ಮಾಡಿಸಿದೆ. ವರ್ಷಕ್ಕೆ 15,900 ರೂಪಾಯಿಯಂತೆ 17 ಕಂತು ಕಟ್ಟಿದ್ದೇನೆ. ಹದಿನೆಂಟನೆಯದು ಮುಂದಿನ ವಾರ ಬಾಕಿ ಬೀಳುತ್ತದೆ. ನನ್ನ ಪಾಲಿಸಿಗಾಗಿ ಕಂಪನಿ ಎಷ್ಟು ಮೀಸಲು ಇಟ್ಟಿರುತ್ತದೆ ಎಂದು ಕೇಳಿದ್ದಕ್ಕೆ, 'ಮುಂದೆ ನಾವು ಕೊಡಬೇಕಾದದ್ದರಲ್ಲಿ ಮುಂದೆ ನೀವು ಕಟ್ಟಬೇಕಾದದ್ದನ್ನು ಕಳೆದರೆ ಉಳಿಯುವುದೇ ಮೀಸಲು' ಎಂದರು. ಹಾಗಾದರೆ ಇಷ್ಟು ವರ್ಷ ನಾನು ಕಟ್ಟಿದ 2,70,300 ರೂಪಾಯಿಗೆ ಲೆಕ್ಕವೇ ಇಲ್ಲವೇ? ಇನ್ನೂ ಕೈಗೆ ಬಾರದ ಕಂತನ್ನು ಈಗಲೇ ಕಳೆಯುವುದು ಯಾವ ನ್ಯಾಯ?

ಉತ್ತರ: ನಿಮಗೆ ಹೇಳಿದ ಸೂತ್ರ ಸರಿಯಾಗಿಯೇ ಇದೆ. ಆದರೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಬಿಟ್ಟರೆ ಯಾರಿಗಾದರೂ ಮೋಸ ಹೋದಂತೆಯೇ ಅನಿಸುತ್ತದೆ. ನೀವು ಕಟ್ಟಿದ ಹಣ ಆ ಲೆಕ್ಕದೊಳಗೆ ಇದೆ, ಮೇಲ್ನೋಟಕ್ಕೆ ಕಾಣುವುದಿಲ್ಲ ಅಷ್ಟೆ. ನಿಮ್ಮ ಪಾಲಿಸಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ. ಇನ್ನು ಮೂರೇ ಕಂತು ಉಳಿದಿರುವುದರಿಂದ ಕಾಗದ, ಪೆನ್ನು, ಒಂದು ಸಾದಾ ಕ್ಯಾಲ್ಕುಲೇಟರ್ ಇದ್ದರೆ ನೀವೂ ನನ್ನ ಜೊತೆಗೇ ಮಾಡಬಹುದು.

ಮೊದಲು ಪಾಲಿಸಿ ಶುರುವಾದ ದಿನಕ್ಕೆ ಹೋಗೋಣ. ಅಂದು ತಕ್ಕಡಿಯ ಒಂದು ತಟ್ಟೆಯಲ್ಲಿ ಕಂಪನಿ ನಿಮಗೆ ಕೊಡುತ್ತೇನೆ ಎಂದದ್ದೆಲ್ಲ ಇತ್ತು: 20 ವರ್ಷದೊಳಗೆ ತೀರಿಕೊಂಡರೆ ಮನೆಯವರಿಗೆ 5 ಲಕ್ಷ, ಬದುಕಿದ್ದರೆ ಕೊನೆಗೆ ನಿಮಗೇ 5 ಲಕ್ಷ. ಇನ್ನೊಂದು ತಟ್ಟೆಯಲ್ಲಿ ನೀವು ಕಟ್ಟಬೇಕಿದ್ದ 20 ಕಂತುಗಳಿದ್ದವು. ಎರಡನ್ನೂ ಅಂದಿನ ಬೆಲೆಗೆ, ಅಂದರೆ ಬಡ್ಡಿ ಸೇರಿ ಮುಂದೆ ಅಷ್ಟಾಗಲು ಅಂದು ಎಷ್ಟು ಹಣ ಬೇಕೋ ಅಷ್ಟಕ್ಕೆ ಇಳಿಸಿ, ಎರಡೂ ತಟ್ಟೆ ಸಮ ತೂಗುವ ಹಾಗೆ ಕಂತನ್ನು ನಿಗದಿ ಮಾಡಿದರು. ಆ ದಿನ ವ್ಯತ್ಯಾಸ ಸೊನ್ನೆ, ಆದ್ದರಿಂದ ಮೀಸಲೂ ಸೊನ್ನೆ. ಅನಂತರ ವರ್ಷ ಕಳೆದಂತೆ 5 ಲಕ್ಷ ಕೊಡಬೇಕಾದ ದಿನ ಹತ್ತಿರ ಬಂದು ಮೊದಲ ತಟ್ಟೆ ಭಾರವಾಗುತ್ತಾ ಹೋಯಿತು. ಉಳಿದ ಕಂತುಗಳು ಕಡಿಮೆಯಾಗಿ ಎರಡನೆಯದು ಹಗುರಾಗುತ್ತಾ ಬಂತು. ಇಂದು ತಕ್ಕಡಿ ಮತ್ತೆ ಸಮ ನಿಲ್ಲಬೇಕಾದರೆ ಎರಡನೆಯ ತಟ್ಟೆಗೆ ಎಷ್ಟು ಹಣ ಹಾಕಬೇಕೋ ಅದೇ ಮೀಸಲು. ಹಾಗೆ ಹಾಕಲು ಕಂಪನಿಯ ಬಳಿ ಹಣ ಇರುವುದೇ ನೀವು 17 ವರ್ಷ ಕಟ್ಟಿದ್ದರಿಂದ.

ಅಂಕಿಗಳಿಗೆ ಬರುವ ಮುನ್ನ ಒಂದು ಸ್ಪಷ್ಟನೆ. ನಿಮ್ಮ ಕಂಪನಿ ಯಾವ ಬಡ್ಡಿ ದರ, ಯಾವ ಮರಣ ಪಟ್ಟಿ ಬಳಸುತ್ತದೆ ಎಂಬುದು ಅದರ ಆಕ್ಚುವರಿಗೆ, ಅಂದರೆ ವಿಮೆಯ ಲೆಕ್ಕ ಹಾಕುವ ಗಣಿತ ತಜ್ಞರಿಗೆ, ಬಿಟ್ಟದ್ದು. ನಾನು ಬಡ್ಡಿಯನ್ನು ಶೇ. 6 ಎಂದು ಇಟ್ಟುಕೊಂಡಿದ್ದೇನೆ. 35ನೇ ವಯಸ್ಸಿನಲ್ಲಿ ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು ಸಾವಿನಿಂದ ತೊಡಗಿ ನಿಧಾನವಾಗಿ ಏರುವ ಒಂದು ಮರಣ ದರವನ್ನೂ ಊಹಿಸಿಕೊಂಡಿದ್ದೇನೆ. ಈ ಊಹೆಗಳ ಮೇಲೆ ಮೊದಲ ದಿನ ತಕ್ಕಡಿ ಸಮ ಮಾಡುವ ಕಂತು ವರ್ಷಕ್ಕೆ 13,436 ರೂಪಾಯಿ ಆಗುತ್ತದೆ. ಇದಕ್ಕೆ ನಿವ್ವಳ ಪ್ರೀಮಿಯಂ ಎನ್ನುತ್ತಾರೆ. ನೀವು ಕಟ್ಟುವ 15,900ರಲ್ಲಿ ಉಳಿದ 2,464 ರೂಪಾಯಿ ಏಜೆಂಟರ ಕಮಿಷನ್, ಕಚೇರಿ ಖರ್ಚು, ಕಂಪನಿಯ ಲಾಭ ಇವುಗಳಿಗೆ ಎಂದು ತಿಳಿಯಿರಿ. ಖರ್ಚಿನ ಭಾಗವನ್ನು ಸದ್ಯ ಬದಿಗಿಟ್ಟು 13,436ರಲ್ಲೇ ಲೆಕ್ಕ ನಡೆಸೋಣ.

ಇನ್ನು ನಿಮ್ಮೊಬ್ಬರನ್ನು ಮರೆತುಬಿಡಿ. ಒಬ್ಬ ವ್ಯಕ್ತಿ ಇನ್ನು ಮೂರು ವರ್ಷದಲ್ಲಿ ಇರುತ್ತಾನೋ ಇಲ್ಲವೋ ಎಂದು ಯಾವ ಆಕ್ಚುವರಿಯೂ ಹೇಳಲಾರ, ಆದರೆ ಸಾವಿರ ಜನರಲ್ಲಿ ಎಷ್ಟು ಮಂದಿ ಎಂದು ಸಾಕಷ್ಟು ನಿಖರವಾಗಿ ಹೇಳಬಲ್ಲ. ನಿಮ್ಮಂತೆಯೇ 52 ವರ್ಷದ, ಇದೇ ಪಾಲಿಸಿಯ, 17 ಕಂತು ಕಟ್ಟಿದ 1000 ಮಂದಿ ಇದ್ದಾರೆ ಎಂದುಕೊಳ್ಳಿ. ಮುಂದಿನ ವರ್ಷ ಅವರಲ್ಲಿ 5 ಮಂದಿ, ಅದರ ಮುಂದಿನ ವರ್ಷ 6 ಮಂದಿ, ಕೊನೆಯ ವರ್ಷ 7 ಮಂದಿ ತೀರಿಕೊಳ್ಳುತ್ತಾರೆ, 982 ಮಂದಿ ಅವಧಿ ಮುಗಿಸುತ್ತಾರೆ. ಸಾವಿನ ಹಣವನ್ನು ಆಯಾ ವರ್ಷದ ಕೊನೆಯಲ್ಲಿ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ.

ಕಂಪನಿ ಕೊಡಬೇಕಾದದ್ದು ಹೀಗಿದೆ. ಒಂದು ವರ್ಷದ ಕೊನೆಗೆ 5 ಮನೆಗಳಿಗೆ 25 ಲಕ್ಷ. ಶೇ. 6ರಲ್ಲಿ ಅದನ್ನು ಇಂದಿನ ಬೆಲೆಗೆ ಇಳಿಸಲು 1.06ರಿಂದ ಒಮ್ಮೆ ಭಾಗಿಸಿದರೆ 23,58,490 ರೂಪಾಯಿ. ಎರಡನೇ ವರ್ಷದ ಕೊನೆಗೆ 6 ಮನೆಗಳಿಗೆ 30 ಲಕ್ಷ. 1.06ರಿಂದ ಎರಡು ಸಲ ಭಾಗಿಸಿದರೆ 26,69,989. ಮೂರನೇ ವರ್ಷದ ಕೊನೆಗೆ ಆ ವರ್ಷ ತೀರಿಕೊಂಡ 7 ಮಂದಿಯ ಮನೆಯವರಿಗೂ ಬದುಕಿರುವ 982 ಮಂದಿಗೂ ತಲಾ 5 ಲಕ್ಷ, ಒಟ್ಟು 49.45 ಕೋಟಿ. ಮೂರು ಸಲ ಭಾಗಿಸಿದರೆ 41.52 ಕೋಟಿ. ಈ ಮೂರನ್ನೂ ಸಾವಿರ ಮಂದಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 2,358, 2,670 ಮತ್ತು 4,15,192 ರೂಪಾಯಿ ಬರುತ್ತದೆ. ಒಟ್ಟು 4,20,220.

ಬರಬೇಕಾದದ್ದು ಮೂರು ಕಂತು. ಮುಂದಿನ ವಾರದ ಕಂತನ್ನು ಸಾವಿರ ಮಂದಿಯೂ ಕಟ್ಟುತ್ತಾರೆ, ಅದಕ್ಕೆ ಬಡ್ಡಿ ಇಳಿಸುವ ಅಗತ್ಯವಿಲ್ಲ: ತಲಾ 13,436. ಮುಂದಿನ ವರ್ಷದ ಕಂತನ್ನು 995 ಮಂದಿ ಕಟ್ಟುತ್ತಾರೆ. ಅದರ ಇಂದಿನ ಬೆಲೆ ತಲಾ 12,612. ಕೊನೆಯ ಕಂತನ್ನು 989 ಮಂದಿ ಕಟ್ಟುತ್ತಾರೆ, ತಲಾ 11,826. ಒಟ್ಟು 37,874.

4,20,220ರಲ್ಲಿ 37,874 ಕಳೆದರೆ 3,82,346 ರೂಪಾಯಿ. ನನ್ನ ಊಹೆಗಳ ಮಟ್ಟಿಗೆ ನಿಮ್ಮ ಪಾಲಿಸಿಯ ಇಂದಿನ ಮೀಸಲು ಇದು. ನೀವು ಕಟ್ಟಿದ ಒಟ್ಟು ಹಣಕ್ಕಿಂತ ಇದು ಒಂದು ಲಕ್ಷಕ್ಕೂ ಹೆಚ್ಚು ಇರುವುದನ್ನು ಗಮನಿಸಿ.

ಕಟ್ಟಿದ ಹಣ ಒಳಗೇ ಇದೆ ಎಂದೆನಲ್ಲ, ಅದನ್ನು ಪರೀಕ್ಷಿಸಲು ಲೆಕ್ಕವನ್ನು ಒಂದು ವರ್ಷ ಮುಂದಕ್ಕೆ ಉರುಳಿಸಿ ನೋಡೋಣ. ಇಂದಿನ 3,82,346ಕ್ಕೆ ಮುಂದಿನ ವಾರದ ಕಂತು 13,436 ಸೇರಿಸಿ. 3,95,782 ಆಯಿತು. ವರ್ಷದ ಬಡ್ಡಿ ಸೇರಿ ತಲಾ 4,19,529. ಸಾವಿರ ಮಂದಿಗೆ 41,95,29,000 ರೂಪಾಯಿಯಷ್ಟು. ಅದರಿಂದ 5 ಮನೆಗಳಿಗೆ 25 ಲಕ್ಷ ಕೊಟ್ಟು, ಉಳಿದದ್ದನ್ನು ಬದುಕಿರುವ 995 ಮಂದಿಗೆ ಹಂಚಿದರೆ ತಲಾ 4,19,124. ಇನ್ನೊಂದು ವರ್ಷ ಹೀಗೆಯೇ ಮಾಡಿ, ಈ ಸಲ 6 ಮನೆಗಳಿಗೆ ಕೊಟ್ಟು 989 ಮಂದಿಗೆ ಹಂಚಿದರೆ 4,58,262. ಅದಕ್ಕೆ ಕೊನೆಯ ಕಂತು ಸೇರಿಸಿ 4,71,698, ಬಡ್ಡಿ ಸೇರಿ 5,00,000. ರೂಪಾಯಿಗೆ ರೂಪಾಯಿ ಸರಿ ಬಂತು. ಈ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದರೂ ಕೊನೆಯ ಸಾಲಿನಲ್ಲಿ ಆ ದುಂಡು ಸಂಖ್ಯೆ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇದೇ ಉರುಳಿಸುವ ಕೆಲಸವನ್ನು 35ನೇ ವಯಸ್ಸಿನಿಂದ, ಸೊನ್ನೆಯಿಂದ, ಶುರು ಮಾಡಿ ನೀವು ಕಟ್ಟಿದ ನಿವ್ವಳ ಕಂತುಗಳಿಗೆ ಬಡ್ಡಿ ಸೇರಿಸುತ್ತಾ, ಸತ್ತವರ ಮನೆಗಳಿಗೆ ಕೊಡುತ್ತಾ ಬಂದರೂ ಇಂದು ಬಂದು ನಿಲ್ಲುವುದು ಅದೇ 3,82,346ಕ್ಕೆ. ಹಿಂದಿನಿಂದ ಕೂಡಿಸಿಕೊಂಡು ಬಂದರೂ ಮುಂದಿನಿಂದ ಇಳಿಸಿಕೊಂಡು ಬಂದರೂ ಉತ್ತರ ಒಂದೇ. ಮೊದಲ ದಿನ ತಕ್ಕಡಿ ಸಮನಾಗಿತ್ತಲ್ಲ, ಅದರ ಫಲ ಇದು. ನಿಮ್ಮ 17 ಕಂತುಗಳು ಅಡಗಿರುವುದು ಅಲ್ಲಿ.

ಹಾಗಿದ್ದರೆ ಹಿಂದಿನದನ್ನೇ ಕೂಡಿಸಿ ತೋರಿಸಬಾರದೇ, ಎಲ್ಲರಿಗೂ ಅರ್ಥವಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಎರಡೂ ಉತ್ತರ ಒಂದೇ ಆಗುವುದು ಅಂದುಕೊಂಡದ್ದೆಲ್ಲ ಅಂದುಕೊಂಡಂತೆಯೇ ನಡೆದಾಗ ಮಾತ್ರ. ಮುಂದಿನ ಮೂರು ವರ್ಷ ಬಡ್ಡಿ ಶೇ. 6ರ ಬದಲು ಶೇ. 4 ಮಾತ್ರ ಸಿಗುತ್ತದೆ ಎಂದು ಗೊತ್ತಾಯಿತು ಎನ್ನಿ. ಹಿಂದಿನಿಂದ ಕೂಡಿಸಿಕೊಂಡು ಬಂದವರಿಗೆ ಏನೂ ಬದಲಾಗಿಲ್ಲ. ಅವರ ಪುಸ್ತಕದಲ್ಲಿ 3,82,346 ಹಾಗೆಯೇ ಕುಳಿತಿರುತ್ತದೆ. ಮುಂದಕ್ಕೆ ನೋಡುವವರು ಅದೇ ಸಾವಿರ ಮಂದಿಯ ಲೆಕ್ಕವನ್ನು ಶೇ. 4ರಲ್ಲಿ ಮತ್ತೆ ಮಾಡುತ್ತಾರೆ. ಕೊಡಬೇಕಾದದ್ದರ ಇಂದಿನ ಬೆಲೆ 4,44,787ಕ್ಕೆ ಏರುತ್ತದೆ, ಬರಬೇಕಾದದ್ದು 38,577ಕ್ಕೆ ಅಷ್ಟಿಷ್ಟು ಏರುತ್ತದೆ, ಬೇಕಾದ ಮೀಸಲು 4,06,210 ಆಗುತ್ತದೆ. ಒಂದು ಪಾಲಿಸಿಗೆ 23,864 ರೂಪಾಯಿ ಕೊರತೆ. ಈ ಕೊರತೆ ಇಂದೇ ಕಣ್ಣಿಗೆ ಬಿದ್ದರೆ ಕಂಪನಿ ತನ್ನ ಬಂಡವಾಳದಿಂದ ತುಂಬಬಹುದು. ಕಾಣದೇ ಹೋದರೆ ಮೂರು ವರ್ಷದ ನಂತರ ನೀವು ಚೆಕ್ಕಿಗಾಗಿ ಹೋದಾಗ ಕಾಣುತ್ತದೆ. ಮೂರೇ ವರ್ಷ ಉಳಿದ ಪಾಲಿಸಿಯಲ್ಲಿ ಇಷ್ಟು ವ್ಯತ್ಯಾಸವಾದರೆ, 20–30 ವರ್ಷ ಬಾಕಿ ಇರುವ ಪಾಲಿಸಿಗಳಲ್ಲಿ ಎಷ್ಟಾಗಬಹುದು ಎಂದು ಯೋಚಿಸಿ.

ಜಪಾನಿನಲ್ಲಿ ಇದು ನಡೆದೇ ಹೋಯಿತು. 1980ರ ದಶಕದಲ್ಲಿ ಅಲ್ಲಿನ ಜೀವ ವಿಮಾ ಕಂಪನಿಗಳು ಹೆಚ್ಚಿನ ಬಡ್ಡಿಯ ಭರವಸೆ ಕೊಟ್ಟು ದೀರ್ಘಾವಧಿಯ ಪಾಲಿಸಿಗಳನ್ನು ಮಾರಿದವು. 90ರ ದಶಕದಲ್ಲಿ ಬಡ್ಡಿ ನೆಲಕಚ್ಚಿತು. ಕೊಟ್ಟ ಮಾತಿನ ದರಕ್ಕೂ ಗಳಿಸುವ ದರಕ್ಕೂ ನಡುವಿನ ಅಂತರ ವರ್ಷವರ್ಷವೂ ಕಂಪನಿಗಳನ್ನು ತಿನ್ನುತ್ತಾ ಹೋಗಿ, 1997ರಲ್ಲಿ ನಿಸ್ಸಾನ್ ಮ್ಯೂಚುಯಲ್ ಲೈಫ್ ಮೊದಲು ಕುಸಿಯಿತು. 2001ರ ಹೊತ್ತಿಗೆ ಒಟ್ಟು ಏಳು ಕಂಪನಿಗಳು ಮುಳುಗಿದವು. ಅಲ್ಲಿ ಪಾಲಿಸಿದಾರರು ಕಂತು ಕಟ್ಟುವುದರಲ್ಲಿ ತಪ್ಪಿರಲಿಲ್ಲ. ಕಟ್ಟಿದ ಹಣ ಎಷ್ಟು ಎಂಬುದರ ಮೇಲೆ ಕಂಪನಿಯ ಹೊಣೆ ನಿರ್ಧಾರವಾಗುವುದಿಲ್ಲ, ಇನ್ನೂ ಎಷ್ಟು ಕೊಡಬೇಕು ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಆದ್ದರಿಂದಲೇ ನಮ್ಮ ದೇಶದಲ್ಲಿಯೂ ಪ್ರತಿ ಕಂಪನಿಯ ನೇಮಿತ ಆಕ್ಚುವರಿ ಮುಂದಕ್ಕೆ ನೋಡುವ ಕ್ರಮದಲ್ಲಿಯೇ ಮೀಸಲನ್ನು ಲೆಕ್ಕ ಹಾಕುತ್ತಾರೆ. ಅವರು ನನ್ನ ಹಾಗೆ ಖರ್ಚನ್ನು ಬದಿಗಿಡುವುದಿಲ್ಲ. ನಿಮ್ಮ ಪೂರ್ತಿ 15,900ನ್ನು ಬರುವ ಕಡೆ ಇಟ್ಟು, ಮುಂದಿನ ಕಚೇರಿ ಖರ್ಚನ್ನೂ ಕಮಿಷನ್ನನ್ನೂ ಕೊಡುವ ಕಡೆ ಇಡುತ್ತಾರೆ. ಬಡ್ಡಿಯನ್ನು ತುಸು ಕಡಿಮೆ, ಖರ್ಚನ್ನು ತುಸು ಹೆಚ್ಚು ಎಂದು ಹಿಡಿದು ಕೆಟ್ಟ ದಿನಗಳಿಗಾಗಿ ಒಂದಿಷ್ಟು ಅಂಚು ಬಿಡುತ್ತಾರೆ. ಬೋನಸ್ ಇರುವ ಪಾಲಿಸಿಗಳಲ್ಲಿ ಈ ಅಂಚು ಬೇಕಾಗದೇ ಉಳಿದಾಗ ಅದೇ ಬೋನಸ್ಸಿನ ಒಂದು ಮೂಲ. ಸರ್ಕಾರಿ ನೌಕರರಾದ ನಿಮ್ಮ ನೆಂಟರು ಯಾರಾದರೂ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೋನಸ್ಸಿಗಾಗಿ ಮೌಲ್ಯಮಾಪನ ಮುಗಿಯುವುದನ್ನು ಕಾಯುತ್ತಿದ್ದರೆ, ಅವರು ಕಾಯುತ್ತಿರುವುದು ಇದೇ ಲೆಕ್ಕಕ್ಕೆ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಬಾರದ ಕಂತನ್ನು ಕಳೆಯುವುದು ಯಾವ ನ್ಯಾಯ? ಕೊಡಬೇಕಾದದ್ದನ್ನು ಪೂರ್ತಿ 5 ಲಕ್ಷ ಎಂದು ಹಿಡಿದಿರುವುದೇ ನೀವು ಉಳಿದ ಮೂರು ಕಂತು ಕಟ್ಟುತ್ತೀರಿ ಎಂಬ ಆಧಾರದ ಮೇಲೆ. ಮೂರು ಕಂತಿಲ್ಲದೆ ಆ 5 ಲಕ್ಷವಿಲ್ಲ. ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೊಂದನ್ನು ಬಿಡಲಾಗದು. ನೀವು ಇಂದೇ ಕಂತು ನಿಲ್ಲಿಸಿದರೆ ಪಾಲಿಸಿ ಪೇಡ್-ಅಪ್ ಆಗುತ್ತದೆ. ಸಾಮಾನ್ಯ ನಿಯಮದಂತೆ 20ರಲ್ಲಿ 17 ಪಾಲು, ಅಂದರೆ 4,25,000 ರೂಪಾಯಿ ಅವಧಿಯ ಕೊನೆಗೆ ಅಥವಾ ಅದಕ್ಕೆ ಮೊದಲೇ ಸಾವು ಸಂಭವಿಸಿದರೆ ಆಗ ಸಿಗುತ್ತದೆ. ಆಗ ಬರಬೇಕಾದ ಕಂತು ಸೊನ್ನೆ, ಆದ್ದರಿಂದ ಮೀಸಲು 4,20,220ರ ಶೇ. 85, ಅಂದರೆ 3,57,187. ಮೊದಲಿದ್ದ 3,82,346ಕ್ಕಿಂತ 25,159 ಕಡಿಮೆ. ಇದು ನನ್ನ ಊಹೆಗಳ ಲೆಕ್ಕ, ನಿಮ್ಮ ಕಂಪನಿಯಲ್ಲಿ ಅಂಕಿ ಬೇರೆಯಾಗುತ್ತದೆ. ಆದರೆ ದಿಕ್ಕು ಹೆಚ್ಚಾಗಿ ಹೀಗೆಯೇ ಇರುತ್ತದೆ. 17/20 ಎಂಬ ಅನುಪಾತ ಕಂತುಗಳನ್ನು ಎಣಿಸುತ್ತದೆಯೇ ಹೊರತು ಮೊದಲ ಕಂತುಗಳು ದುಡಿದ 17 ವರ್ಷದ ಬಡ್ಡಿಯನ್ನು ಎಣಿಸುವುದಿಲ್ಲ.

ಇಲ್ಲಿ ಒಂದು ಅಡ್ಡಮಾತು. 1844ರಲ್ಲಿ ಅಮೆರಿಕದ ಎಲಿಜರ್ ರೈಟ್ ಎಂಬವರು ಲಂಡನ್ನಿನಲ್ಲಿ ವೃದ್ಧರ ಪಾಲಿಸಿಗಳನ್ನು ಹರಾಜು ಹಾಕುವುದನ್ನು ಕಂಡರು. ಕಂತು ಕಟ್ಟಲಾಗದವರಿಗೆ ಕಂಪನಿಗಳು ಏನನ್ನೂ ಕೊಡುತ್ತಿರಲಿಲ್ಲ, ಹಾಗಾಗಿ ಅವರು ತಮ್ಮ ಪಾಲಿಸಿಯನ್ನು, ಅಂದರೆ ತಮ್ಮ ಸಾವಿನ ಮೇಲಿನ ಹಕ್ಕನ್ನು, ಬೇರೆಯವರಿಗೆ ಮಾರಿಕೊಳ್ಳಬೇಕಿತ್ತು. ಗಣಿತ ಬಲ್ಲ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ರೈಟ್‌ಗೆ ಅದು ಸಹಿಸಲಾಗಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಅವರ ಹಟದಿಂದಲೇ 1858ರಲ್ಲಿ ಕಂಪನಿಗಳು ಪಾಲಿಸಿಗಳ ಮೀಸಲನ್ನು ಲೆಕ್ಕ ಹಾಕಿ ಇಡಬೇಕೆಂಬ ಕಾನೂನು ಬಂತು. 1861ರಲ್ಲಿ, ಕಂತು ನಿಲ್ಲಿಸಿದವರ ಮೀಸಲನ್ನು ಕಂಪನಿ ಪೂರ್ತಿ ನುಂಗುವಂತಿಲ್ಲ ಎಂಬ ಕಾನೂನೂ ಬಂತು. ಪಾಲಿಸಿಯನ್ನು ಮಧ್ಯದಲ್ಲಿ ಬಿಟ್ಟಾಗ ಕೈಗೆ ಸಿಗುವ, ನಾವು ಇಂದು ಸರೆಂಡರ್ ಮೌಲ್ಯ ಎಂದು ಕರೆಯುವ ಹಣದ ಬೇರು ಅಲ್ಲಿದೆ.

ಆದರೆ ಮೀಸಲು ಮತ್ತು ಸರೆಂಡರ್ ಮೌಲ್ಯ ಒಂದೇ ಅಲ್ಲ. ನಿಮ್ಮ ಗೊಂದಲದ ಅರ್ಧ ಭಾಗ ಇಲ್ಲಿಯೇ ಇದೆ ಎಂದು ನನ್ನ ಅನಿಸಿಕೆ. 3,82,346 ಎಂಬುದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರಿನಲ್ಲಿರುವ ಶಿಲ್ಕಿನಂತಲ್ಲ. ಸಾವಿರ ಮಂದಿಯ ಒಟ್ಟು ಹೊಣೆಯನ್ನು ತಲೆಗೆ ಹಂಚಿದಾಗ ಬಂದ ಸರಾಸರಿ ಅದು. ಆ ಸಾವಿರದಲ್ಲಿ ಮುಂದಿನ ವರ್ಷ ತೀರಿಕೊಳ್ಳುವ ಐವರ ಮನೆಗಳಿಗೆ 5 ಲಕ್ಷ ಪೂರ್ತಿ ಹೋಗಬೇಕು. ಅವರವರ ಮೀಸಲು ವರ್ಷದ ಕೊನೆಗೆ 4,19,529 ಇರುತ್ತದೆ, ಉಳಿದ ಎಂಬತ್ತು ಸಾವಿರದಷ್ಟನ್ನು ಬದುಕಿದವರ ಮೀಸಲಿನಿಂದ ಚೂರುಚೂರು ತೆಗೆದು ಸೇರಿಸುತ್ತಾರೆ. ಒಬ್ಬರು ಮಧ್ಯದಲ್ಲಿ ಎದ್ದು ಹೊರಟಾಗ ಪೂರ್ತಿ ಮೀಸಲನ್ನು ಕಟ್ಟಿಕೊಟ್ಟರೆ ಆ ಏರ್ಪಾಟು ಅಲುಗಾಡುತ್ತದೆ. ಕಾಯಿಲೆ ಇದ್ದವರು ಉಳಿದು, ಗಟ್ಟಿಮುಟ್ಟಾಗಿರುವವರು ಹೊರಡುವುದೇ ಹೆಚ್ಚು. ಆದ್ದರಿಂದ ಒಂದಿಷ್ಟು ಕಡಿತ ಸಮರ್ಥನೀಯ. ಎಷ್ಟು ಕಡಿತ ಎಂಬುದರಲ್ಲಿ ಕಂಪನಿಗಳು ಹಿಂದೆ ತೀರ ಜಿಪುಣವಾಗಿದ್ದವು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ತಂದ ನಿಯಮಗಳಲ್ಲಿ ವಿಶೇಷ ಸರೆಂಡರ್ ಮೌಲ್ಯವನ್ನು ಪೇಡ್-ಅಪ್ ಮೊತ್ತದ ಇಂದಿನ ಬೆಲೆಗೆ ಕಟ್ಟಿಹಾಕಿದ್ದಾರೆ. ಮೇಲೆ ನಾವು 3,57,187 ಎಂದು ಪಡೆದೆವಲ್ಲ, ಅದೇ ಬಗೆಯ ಲೆಕ್ಕ. ನಿಮ್ಮದು ಹಳೆಯ ಪಾಲಿಸಿಯಾದ್ದರಿಂದ ಅದರ ದಾಖಲೆಯಲ್ಲಿ ಬರೆದಿರುವ ಷರತ್ತನ್ನೇ ನೋಡಬೇಕು.

ನೀವೇ ಲೆಕ್ಕ ಹಾಕುವಾಗ ಎಲ್ಲರೂ ಎಡವುವ ಜಾಗ ಒಂದಿದೆ, ಶುರುವಿನಲ್ಲಿ ನಾನೂ ಎಡವಿದ್ದೆ. ಮೌಲ್ಯಮಾಪನ ವಿಭಾಗದಲ್ಲಿ ಕಲಿಯುತ್ತಿದ್ದಾಗ ಒಂದು ಕಂತೆ ಪಾಲಿಸಿಗಳಿಗೆ ನನ್ನ ಮೀಸಲು ಪ್ರತಿಯೊಂದರಲ್ಲಿಯೂ ಸರಿಯಾಗಿ ಒಂದು ಕಂತಿನಷ್ಟು ಹೆಚ್ಚು ಬರುತ್ತಿತ್ತು. ಅಂದೇ ಬಾಕಿ ಬೀಳುವ ಕಂತನ್ನು ನಾನು ಬಂದಾಯಿತು ಎಂದು ಭಾವಿಸಿ, ಬರಬೇಕಾದ ಪಟ್ಟಿಯಿಂದ ಬಿಟ್ಟಿದ್ದೆ. ನಿಮ್ಮ ಪಾಲಿಸಿಯಲ್ಲಿ ಇದರ ಅರ್ಥ ಇಷ್ಟು: ಮುಂದಿನ ವಾರ ಕಂತು ಕಟ್ಟುವ ಮೊದಲು ಮೀಸಲು 3,82,346, ಕಟ್ಟಿದ ಮರುಕ್ಷಣ 3,95,782. ಎರಡೂ ಸರಿ, ಎರಡನ್ನೂ ಬೆರೆಸಬಾರದು ಅಷ್ಟೆ. ಆ ದಿನ ನನ್ನ ಹಿರಿಯರು ಬೈಯಲಿಲ್ಲ. 'ಒಂದು ವರ್ಷ ಉರುಳಿಸಿ ನೋಡು' ಎಂದರು. ಉರುಳಿಸಿದಾಗ ಕೊನೆಯ ಸಾಲಿನಲ್ಲಿ ವಿಮಾ ಮೊತ್ತದ ದುಂಡು ಸಂಖ್ಯೆ ಬರಲಿಲ್ಲ, ತಪ್ಪು ತಾನಾಗಿಯೇ ಕಂಡಿತು. ಮೀಸಲಿನ ಯಾವ ಲೆಕ್ಕವನ್ನೇ ಆದರೂ ಮೊದಲು ಈ ಪರೀಕ್ಷೆಗೆ ಒಡ್ಡಿ.

ಮುಂದಿನ ವಾರದ ಕಂತನ್ನು ಕಟ್ಟಬೇಕೇ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ಧಾಟಿಯಲ್ಲಿ ಅದು ಇದೆ. ನಿಮ್ಮ ಮಟ್ಟಿಗೆ ಲೆಕ್ಕ ಸರಳ. ನಿಲ್ಲಿಸಿದರೆ ಮೂರು ವರ್ಷದ ನಂತರ 4,25,000, ಮುಂದುವರಿಸಿದರೆ 5,00,000. ಆ ಹೆಚ್ಚುವರಿ 75,000ಕ್ಕಾಗಿ ನೀವು ಕೊಡಬೇಕಾದದ್ದು 15,900ರ ಮೂರು ಕಂತು, ಅಂದರೆ 47,700. ಅಷ್ಟು ಹಣವನ್ನು ಮೂರು ವರ್ಷ ಬೇರೆಲ್ಲಿ ಇಟ್ಟರೂ ಹೀಗೆ ಬೆಳೆಯುವ ಖಾತ್ರಿಯಿಲ್ಲ. ನಿಮ್ಮ ಪಾಲಿಸಿಯಲ್ಲಿಯೂ ಪೇಡ್-ಅಪ್ ಮೊತ್ತ 17/20ರ ಅನುಪಾತದಲ್ಲಿಯೇ ಇದೆಯೇ ಎಂದು ಖಚಿತಪಡಿಸಿಕೊಳ್ಳಲು, ಶಾಖೆಯಲ್ಲಿ ಒಂದೇ ದಿನಾಂಕಕ್ಕೆ ಎರಡು ಅಂಕಿಗಳನ್ನು ಬರೆಸಿಕೊಳ್ಳಿ: ಪೇಡ್-ಅಪ್ ಮೊತ್ತ ಮತ್ತು ಸರೆಂಡರ್ ಮೌಲ್ಯ. ಹದಿನೆಂಟನೇ ಕಂತು ಕಟ್ಟುವ ಮುಂಚಿನದೋ ಕಟ್ಟಿದ ನಂತರದ್ದೋ ಎಂಬುದನ್ನೂ ಅದರಲ್ಲಿಯೇ ನಮೂದಿಸಲು ಹೇಳಿ.